ಆರತಿಯ ಹೊತ್ತಿಗೆ ಪರದೆಯ ಮೇಲೆ ಅಕ್ಕ

ಆಗ ನಮ್ಮೂರು ನಿಗಡಿಯ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಸ್ವಲ್ಪ ದಿನವಾಗಿತ್ತು. ಸಿಂಗಾಪುರದಲ್ಲಿದ್ದ ಅಕ್ಕ ಸತ್ಯನಾರಾಯಣ ಪೂಜೆಗೆ ಬರಲಾಗದೆ, "ಕಂಪ್ಯೂಟರ್‌ನಾಗಾದ್ರೂ ತೋರಸು" ಎಂದಳು.

ಕ್ಯಾಮೆರಾ ಎಲ್ಲಿಡಬೇಕೆಂಬುದೇ ದೊಡ್ಡ ತಲೆನೋವಾಯಿತು. ಕಿಟಕಿಯ ಕಡೆ ತಿರುಗಿಸಿದರೆ ಎಲ್ಲರ ಮುಖ ಕಪ್ಪಗೆ ಕಾಣುತ್ತಿತ್ತು. ಮಂಟಪದ ಹಿಂದೆ ಇಡಲು ಹೋದರೆ ಪೂಜೆ ಮಾಡಿಸಲು ಬಂದಿದ್ದ ಭಟ್ಟರು, "ದೇವರ ಹಿಂದ ಬ್ಯಾಡ್ರಿ" ಎಂದರು. ಕೊನೆಗೆ ಒಂದು ಪಕ್ಕಕ್ಕೆ ಸ್ಟೂಲಿನ ಮೇಲಿಟ್ಟೆ. ದೇವರೂ ಕಾಣುತ್ತಿದ್ದ, ಮಣೆಯ ಮೇಲಿದ್ದ ಅಪ್ಪ-ಅವ್ವ ಕೂಡ.

ಅಕ್ಕ ಅಲ್ಲಿ ತನ್ನ ದೇವರ ಪಟದ ಮುಂದೆ ಸಜ್ಜಿಗೆ ಇಟ್ಟುಕೊಂಡು ಕೂತಿದ್ದಳು. ಭಟ್ಟರೇ ಹೇಳಿಕೊಟ್ಟರು: "ನೀವು ಮಾಡಿದ್ದು ನಿಮ್ಮ ದೇವರಿಗೇ ತೋರಸ್ರಿ. ತುಳಸಿ ಹಾಕಿ, ಸುತ್ತ ನೀರು ಬಿಡ್ರಿ. ಈ ಪರದೆಗೆ ನೈವೇದ್ಯ ಬ್ಯಾಡ." ಆದರೆ ಮಂತ್ರ ಹೇಳುವಾಗ ಅವರದೇ ದನಿ ಸ್ಪೀಕರ್‌ನಿಂದ ತಡವಾಗಿ ಮರಳಿ ಬಂದು ಲಯ ತಪ್ಪಿಸುತ್ತಿತ್ತು. "ಅದರ ಬಾಯಿ ಮುಚ್ಚಸ್ರಿ" ಅಂದರು. ನಾನು ಸ್ಪೀಕರ್ ಬಂದ್ ಮಾಡಿದೆ.

ಮಂಗಳಾರತಿಗೆ ಎಲ್ಲರೂ ಎದ್ದು ದೇವರ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟತೊಡಗಿದೆವು. ಅಕ್ಕ ಏನು ಮಾಡುತ್ತಿದ್ದಾಳೋ ಎಂದು ತಿರುಗಿದೆ. ಅವಳು ಎರಡೂ ಕೈ ಜೋರಾಗಿ ಬೀಸುತ್ತಿದ್ದಳು. ಆರತಿ ತಗೊಳ್ಳುತ್ತಿದ್ದಾಳೆ ಅಂದುಕೊಂಡೆ. ಚಿತ್ರ ಒಂದು ಕ್ಷಣ ನಿಂತೇಬಿಟ್ಟಿತು, ಮತ್ತೆ ಹೊರಟಿತು. ಅವಳ ಬಾಯಿ ಚೀರುತ್ತಿತ್ತು, ಸದ್ದಿಲ್ಲದೆ. ಬೆರಳು ಒಂದೇ ಕಡೆ ತೋರಿಸುತ್ತಿತ್ತು. ಆ ಕಡೆ ನೋಡಿದೆ.

ನೆಲದ ಮೇಲಿನ ದೀಪಕ್ಕೆ ಅವ್ವನ ಇಳಕಲ್ ಸೆರಗು ತಾಗಿ ಉರಿ ಮೇಲಕ್ಕೆ ಏರುತ್ತಿತ್ತು. ಅವ್ವ ಕಣ್ಣು ಮುಚ್ಚಿ ಆರತಿ ಹಾಡುತ್ತಲೇ ಇದ್ದಳು.

"ಅವ್ವಾ, ಸೆರಗು!"

ನಾನು ಸೆರಗು ಎಳೆದೆ. ಭಟ್ಟರು ಆರತಿತಟ್ಟೆ ಅಲ್ಲೇ ಇಟ್ಟು, ಪೂಜೆಗೆ ತುಂಬಿಟ್ಟ ತಂಬಿಗೆಯ ನೀರನ್ನು ಅವ್ವನ ಮೇಲೆ ಸುರಿದರು. ಉರಿ ಆರಿತು. ಕರಕಲು ವಾಸನೆ ಮನೆ ತುಂಬಿತು. ಅವ್ವನ ಮೈಮೇಲೆ ಒಂದು ಬೊಬ್ಬೆಯೂ ಏಳಲಿಲ್ಲ. ಆದರೆ ಅವಳು ಸುಟ್ಟ ಸೆರಗನ್ನೇ ನೋಡುತ್ತ ನಿಂತಳು.

ಸ್ಪೀಕರ್ ಹಚ್ಚಿದೆ. ಅಕ್ಕನ ಅಳು ಒಮ್ಮೆಲೇ ಹೊರಬಂತು. "ಅವ್ವ ಎಲ್ಲಿ? ಯಾಕ ಯಾರೂ ಮಾತಾಡವಲ್ರಿ?"

ಅವ್ವ ತೊಯ್ದ ಸೀರೆಯಲ್ಲೇ ಕ್ಯಾಮೆರಾದ ಮುಂದೆ ಕೂತು, ಎರಡೂ ಕೈ ತಿರುವಿ ತೋರಿಸಿದಳು. "ಏನೂ ಆಗಿಲ್ಲ ನೋಡವಾ. ನೀ ಅಳಬ್ಯಾಡ." ಹಾಗಂದವಳು ತಾನೇ ಅಳಲು ಶುರುಮಾಡಿದಳು.

ಅವ್ವ ಸೀರೆ ಬದಲಿಸಿ ಬರುವತನಕ ಭಟ್ಟರು ಕಾದರು. ಆಮೇಲೆ ನೆಲದ ದೀಪವನ್ನು ತಾವೇ ಎತ್ತಿ ಮಂಟಪದ ಪಕ್ಕಕ್ಕಿಟ್ಟರು. ಪರದೆಯ ಕಡೆ ತಿರುಗಿ ಕೇಳಿದರು: "ತಂಗೀ, ನಿಮಗ ಈಗ ಎಲ್ಲಾ ಸರಿ ಕಾಣ್ತದೇನ್ರಿ? ಆರತಿ ಮತ್ತ ಸುರು ಮಾಡ್ಲೇನು?"

"ಹೂಂ, ಮಾಡ್ರಿ" ಎಂದಳು ಅಕ್ಕ.

ಆ ಆರತಿ ಮುಗಿಯುವತನಕ ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಅವ್ವನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.