ಬಸಿರಿನಲ್ಲಿ ಜೋಮು ಹಿಡಿದ ಕೈ

ನನ್ನ ಕೈ ಕಂಡರೆ ನನಗೇ ಹೇಸಿಗೆ ಬರುತ್ತಿದ್ದ ದಿನಗಳವು. ಚೊಚ್ಚಲ ಬಸಿರು, ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಜಹೀರಾಬಾದಿನ ಒಂದು ಓಣಿಯಲ್ಲಿ ನಮ್ಮ ಮನೆ. ಮುಂದಿನ ಖೋಲಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರಿಗೆ ಜಂಪರು ಹೊಲಿಯುತ್ತಿದ್ದೆ. ಗಂಡ ನ್ಯಾಲ್ಕಲ್ ದಾರಿಯಲ್ಲಿ ಆಟೊ ಓಡಿಸುತ್ತಿದ್ದ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ.

ಮೊದಲು ಪಾದ ಬಾತವು, ಆಮೇಲೆ ಬೆರಳುಗಳು. ಬಳೆಗಳು ಮಣಿಕಟ್ಟಿನಲ್ಲಿ ಸಿಕ್ಕಿಕೊಂಡು ಅಲುಗದಾದವು. ಅವುಗಳ ಕೆಳಗೆ ಬೆವರು ನಿಂತು ಚರ್ಮ ಬೆಳ್ಳಗೆ ಮೆತ್ತಗಾಗಿ, ಮೂಸಿದರೆ ಹಳಸಿದ ಅನ್ನದ ವಾಸನೆ. ನಿದ್ದೆ ಹತ್ತಿದೊಡನೆ ಎರಡೂ ಕೈಗಳ ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಉರಿ ಏಳುತ್ತಿತ್ತು, ಬಲಗೈಯಲ್ಲಿ ಹೆಚ್ಚು. ಎದ್ದು ಕೂತು ಕೈ ಜಾಡಿಸಿದರೆ ಸ್ವಲ್ಪ ಹೊತ್ತು ತಣ್ಣಗಾಗುತ್ತಿತ್ತು. ಬೆಳಿಗ್ಗೆ ನೋಡಿದರೆ ಬೆರಳುಗಳು ನನ್ನವಲ್ಲ. ಯಾರದೋ ದಪ್ಪ, ನುಣ್ಣನೆ ಬೆರಳುಗಳನ್ನು ತಂದು ನನ್ನ ಅಂಗೈಗೆ ಅಂಟಿಸಿದ ಹಾಗೆ. ರೊಟ್ಟಿ ಬಡಿಯುವಾಗ ಹಿಟ್ಟು ಬೆಚ್ಚಗಿದೆಯೋ ತಣ್ಣಗಿದೆಯೋ ತಿಳಿಯುತ್ತಿರಲಿಲ್ಲ. ಬಸಿರಿನಲ್ಲಿ ಹೀಗೆಲ್ಲ ಇರುತ್ತದೆ ಎಂದುಕೊಂಡು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಹಿಂದಿನ ಗಲ್ಲಿಯ ಗಿರಾಕಿಯೊಬ್ಬಳು ತನ್ನ ರೇಷ್ಮೆ ಜಂಪರು ಒಯ್ಯಲು ಬಂದು ಎದುರಿಗೇ ಕೂತಿದ್ದಳು. ಹುಕ್ಕು ಹಚ್ಚುವುದೊಂದು ಉಳಿದಿತ್ತು. ಮಾತಾಡುತ್ತ ಹಚ್ಚುತ್ತಿದ್ದೆ.

"ಅಯ್ಯ, ರಕ್ತ!" ಎಂದು ಆಕೆ ಚೀರಿದಳು.

ತಿಳಿಹಳದಿ ರೇಷ್ಮೆಯ ಮೇಲೆ ರಕ್ತ ಹರಡಿತ್ತು. ಸೂಜಿ ನನ್ನ ತೋರುಬೆರಳಿನ ತುದಿಯಲ್ಲಿ ನೆಟ್ಟಗೆ ನಿಂತಿತ್ತು. ನಾನು ಅದನ್ನು ಕಣ್ಣಿನಿಂದ ಕಂಡೆನೇ ಹೊರತು ಬೆರಳಿಗೆ ಗೊತ್ತಾಗಿರಲಿಲ್ಲ.

"ಚುಚ್ಚಿದ್ದು ತಿಳೀಲಿಲ್ಲೇನ?"

"ಇಲ್ರಿ ಅಕ್ಕ. ಬೆರಳ ಜೋಮ ಹಿಡದಾವ."

ಆಕೆ ಮೆಲ್ಲಗೆ ಸೀರೆ ಒಳಗೆಳೆದುಕೊಂಡು ಹಿಂದೆ ಸರಿದಳು. "ಬೆರಳು ಸತ್ತಾವ ಅಂದ್ರ… ಆ ದೊಡ್ಡ ರೋಗದವರಿಗೇ ಹಿಂಗ ಆಗ್ತಾದ" ಎಂದಳು. ನಾನು ಜಂಪರು ತೊಳೆದು ಕೊಡುತ್ತೇನೆಂದರೂ ಕೇಳದೆ, ಎರಡೇ ಬೆರಳಿನಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋದಳು. ಸತ್ತ ಇಲಿಯನ್ನು ಎತ್ತುವವರು ಹಾಗೆ ಎತ್ತುತ್ತಾರೆ.

ಆ ಮಾತು ಓಣಿಯೆಲ್ಲ ಸುತ್ತಿತು. ಒಬ್ಬೊಬ್ಬರೇ ಬಂದು, ಅವಸರವೇನೂ ಇಲ್ಲವೆಂದವರೂ, ಹೊಲಿಯಲು ಕೊಟ್ಟ ಬಟ್ಟೆ ವಾಪಸು ಕೇಳಿದರು. ಹೊಸ್ತಿಲು ದಾಟಿ ಯಾರೂ ಒಳಗೆ ಬರಲಿಲ್ಲ. ಅಮಾವಾಸ್ಯೆಗೆ ಮಾಡಿದ ಹುಗ್ಗಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದಿದ್ದೆ. ಸ್ವಲ್ಪ ಹೊತ್ತಿಗೆ ಕಸ ಚೆಲ್ಲಲು ಹೊರಗೆ ಹೋದರೆ ಅದೇ ಹುಗ್ಗಿ ಗಟಾರದಲ್ಲಿ ಬಿದ್ದಿತ್ತು, ದ್ರಾಕ್ಷಿ, ಗೋಡಂಬಿ ಸಮೇತ. ಹಂದಿಯೊಂದು ಮೂತಿ ಇಟ್ಟು ತಿನ್ನುತ್ತಿತ್ತು. ನಾಲ್ಕು ವರ್ಷ ನನ್ನ ಕೈಯ ರೊಟ್ಟಿ ತಿಂದ ಮನೆ ಅದು. ಅಸಹ್ಯವಾಯಿತು. ಅವರ ಮೇಲಾದ ಅಸಹ್ಯ ಒಂದಾದರೆ, ಒಳಗೆ ಬಂದು ಕೈ ಮುಂದೆ ಹಿಡಿದು, ಖರೆಯೇ ಇದು ಆ ರೋಗವೇ ಇದ್ದರೆ ಎಂದು ನನ್ನ ಮೈಯ ಮೇಲೇ ಆದದ್ದು ಇನ್ನೊಂದು.

ಅತ್ತೆ ಹೆದರಿದ್ದಳು. "ದವಾಖಾನಿಗಿ ಹೋದ್ರ ಊರಿಗೆಲ್ಲ ಡಂಗುರ ಆಗ್ತಾದ. ನಾರಾಯಣಖೇಡ ಕಡಿ ಒಬ್ಬಾಂವ ಪಟ್ಟಿ ಕಟ್ತಾನಂತ. ಹೋಗಿ ಬರೋಣ ನಡಿ" ಎಂದಳು. ಗಂಡ ನೆಲ ನೋಡುತ್ತ ಹೂಂ ಎಂದ.

ಜೀಪಿನಲ್ಲಿ ಕುಲುಕಿಸಿಕೊಂಡು ಹೋದೆವು. ಪಟ್ಟಿ ಕಟ್ಟುವವನ ಬಾಗಿಲ ಪಕ್ಕದ ಗೋಡೆ ಗುಟ್ಕಾ ಉಗುಳಿನಿಂದ ಕೆಂಪಾಗಿತ್ತು. ಅವನು ಬಾಯಿಯ ರಸ ತುಳುಕದ ಹಾಗೆ ಗದ್ದ ಎತ್ತಿ ಮಾತಾಡುತ್ತಿದ್ದ. ಕೋಳಿಮೊಟ್ಟೆ ಒಡೆದು ಉದ್ದಿನ ಹಿಟ್ಟಿಗೆ ಸುರಿದು, ಕಪ್ಪು ಉಗುರಿನ ಬೆರಳಿನಿಂದಲೇ ಕಲಸಿದ. ಕಲಸಿದ ಕೈಯನ್ನು ಲುಂಗಿಗೆ ಒರೆಸಿ, ಅದೇ ಕೈಯಿಂದ ನನ್ನ ಗಲ್ಲ ಹಿಡಿದು ಕಣ್ಣು ನೋಡಿದ.

"ನರ ಜಿಗದಾದ. ಮಡಚಿ ಕಟ್ಟಿದ್ರ ಜಾಗಾಕ್ಕ ಕುಂದರ್ತಾದ" ಎಂದು ಬಲಗೈಯ ಬಳೆ ಒಡೆದು, ಅಂಗೈಯನ್ನು ಒಳಮುಖವಾಗಿ ಬಗ್ಗಿಸಿ, ಲೋಳೆ ಮೆತ್ತಿ, ಬಿದಿರ ಸೀಳು ಇಟ್ಟು ಹಳೆಯ ಧೋತರದ ತುಂಡಿನಿಂದ ಬಿಗಿದ. "ಹೆರಿಗಿ ಆಗೋತನ ಬಿಚ್ಚಬ್ಯಾಡ್ರಿ. ನೀರ ಸೋಕಿಸಬ್ಯಾಡ್ರಿ."

ಬಗ್ಗಿಸಿ ಕಟ್ಟಿದ ಮೇಲೆ ಉರಿ ಮೊಳಕೈವರೆಗೆ ಏರಿತು. ಮೊದಲು ನಿದ್ದೆಯಲ್ಲಿ ಬಂದು ಹೋಗುತ್ತಿದ್ದದ್ದು ಈಗ ಹಗಲೂ ಬಿಡಲಿಲ್ಲ. ಜಾಡಿಸೋಣವೆಂದರೆ ಕೈ ಕಟ್ಟಿಗೆಯಾಗಿತ್ತು. ಬೇಸಿಗೆ ಬೇರೆ. ಮೊಟ್ಟೆ ಕೊಳೆಯಿತು. ಊಟಕ್ಕೆ ಕೂತರೆ ತಾಟಿನ ಮೇಲೆ ನೊಣ, ಮಲಗಿದರೆ ಮೂಗಿನ ಹತ್ತಿರವೇ ಆ ನಾತ. ಅತ್ತೆ ಮುಖ ಆಚೆ ತಿರುಗಿಸಿಕೊಂಡು ನನ್ನ ಬಾಯಿಗೆ ತುತ್ತು ಇಡುತ್ತಿದ್ದಳು. ತಿಂದದ್ದು ನಿಲ್ಲುತ್ತಿರಲಿಲ್ಲ.

"ಬಿಚ್ಚರಿ ಅತ್ತಿ, ಕೈ ಮುಗೀತೀನಿ" ಎಂದು ಅತ್ತೆಯನ್ನು ಬೇಡಿಕೊಂಡೆ.

"ತಡಕೋ ಯವ್ವ. ಮಂದಿ ಬಾಯಿ ಮುಚ್ಚಬೇಕಲ್ಲ" ಎಂದಳು.

ಬಸುರಿಯರ ತಪಾಸಣೆಯ ದಿನ ಬಂತು. ಅದಕ್ಕೆ ಮಾತ್ರ ತಪ್ಪಿಸುವ ಹಾಗಿರಲಿಲ್ಲ. ದವಾಖಾನೆಯ ಬೆಂಚಿನಲ್ಲಿ ನಾನು ಕೂತೊಡನೆ ಎರಡೂ ಕಡೆಯ ಹೆಂಗಸರು ಎದ್ದು ದೂರ ನಿಂತರು. ಸೆರಗಿನಲ್ಲಿ ಕೈ ಮುಚ್ಚಿಕೊಂಡರೂ ನಾತ ಮುಚ್ಚುತ್ತದೆಯೇ. ಡಾಕ್ಟರಮ್ಮ ಬೀದರ ಕಡೆಯವರು, ನಮ್ಮ ಮಾತೇ ಆಡುತ್ತಿದ್ದರು. ನಾನು ಒಳಗೆ ಕಾಲಿಟ್ಟೊಡನೆ ಮೂಗು ಮುಚ್ಚಿಕೊಂಡರು.

"ಏನವ್ವ ಇದು! ಯಾರು ಕಟ್ಟಿದ್ದು?"

ಜೊತೆಗೆ ಬಂದಿದ್ದ ಅತ್ತೆ ನನ್ನ ಹಿಂದೆ ಸರಿದಳು. ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಕತ್ತರಿ ತಗೊಂಡು ತಾವೇ ಕತ್ತರಿಸಿದರು. ಗಟ್ಟಿಯಾದ ಹಿಟ್ಟಿನ ಹೆಕ್ಕಳಿಕೆಗಳು ಉದುರಿದವು, ಅವುಗಳ ಒಳಗೆ ಇರುವೆ, ಮೊಟ್ಟೆಯ ಓಡಿನ ಚೂರು, ಕೆಳಗೆ ಹಸಿರು ಬಣ್ಣದ ಅಂಟು. ಅಂಟಿನ ಕೆಳಗೆ ನನ್ನ ಕೈ, ಹೆಣದ ಕೈಯ ಹಾಗೆ ಸುಕ್ಕಾಗಿ, ಅಲ್ಲಲ್ಲಿ ಸುಲಿದು. ನಾನು ಕಸದ ಬುಟ್ಟಿಗೆ ಬಗ್ಗಿ ವಾಂತಿ ಮಾಡಿದೆ. ಅವರು ಕೈ ತೊಳೆಸಿ, ಸುಲಿದಲ್ಲಿ ಮುಲಾಮು ಹಚ್ಚಿಸಿ, ಬಿ.ಪಿ. ನೋಡಿ, ಮೂತ್ರ ಮತ್ತು ಸಕ್ಕರೆಯ ತಪಾಸಣೆಗೆ ಕಳಿಸಿದರು.

ಆಮೇಲೆ ಒಂದೊಂದೇ ಬೆರಳನ್ನು ಹತ್ತಿಯಿಂದ ಸವರುತ್ತ ಕೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಂಕು. ಉಂಗುರ ಬೆರಳಿನ ಅರ್ಧ ಮಂಕು, ಕಿರುಬೆರಳ ಕಡೆಯ ಅರ್ಧ ಚೆನ್ನಾಗಿತ್ತು. ಕಿರುಬೆರಳಿಗೆ ಹತ್ತಿಯ ಎಳೆ ಎಳೆಯೂ ತಿಳಿಯಿತು. ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದಾಗ ಕರೆಂಟು ಹೊಡೆದ ಹಾಗಾಗಿ ಕೈ ಎಳೆದುಕೊಂಡೆ.

ಅತ್ತೆ ತಡೆಯಲಾರದೆ ಪಿಸುಗುಟ್ಟಿದಳು: "ಡಾಕ್ಟರಮ್ಮ, ಆ ದೊಡ್ಡ ರೋಗ ಅಲ್ಲಲ್ರಿ?"

ಡಾಕ್ಟರಮ್ಮ ನನ್ನ ಬೆನ್ನು, ತೋಳು, ಕಾಲುಗಳ ಮೇಲೆ ಮಚ್ಚೆಗಳನ್ನು ಹುಡುಕಿದರು, ಮೊಳಕೈಯ ಹಿಂದೆ ನರ ಮುಟ್ಟಿ ನೋಡಿದರು. "ಕುಷ್ಠ ಅಲ್ಲ. ಆಗಿದ್ರೂ ಏನು? ಗುಳಿಗಿ ನುಂಗಿದ್ರ ವಾಸಿ ಆಗ್ತಾದ. ಅದಕ್ಕ ಹೇಸಿಕೊಂಡು ಹುಡುಗಿ ಕೈ ಕೊಳಸಿಬಿಟ್ಟೀರಲ್ಲ!"

ನನ್ನ ಕಡೆ ತಿರುಗಿ ಮಣಿಕಟ್ಟು ಮುಟ್ಟಿ ತೋರಿಸಿದರು. "ಇಲ್ಲಿ ಒಳಗ ಒಂದು ಇಕ್ಕಟ್ಟಾದ ಸುರಂಗ ಅದ. ಕೆಳಗ ಎಲುಬು, ಮ್ಯಾಲ ಬಿಗಿ ಪಟ್ಟಿ. ಬೆರಳ ಮಡಚೋ ಹುರಿಗಳೂ ಒಂದು ನರಾನೂ ಅದರಾಗೇ ಹಾಯ್ತಾವ. ಬಸುರಾದಾಗ ಮೈಯಾಗ ನೀರು ತುಂಬ್ತಾದ. ಕಾಲು ಬಾತಂಗ ಅಲ್ಲೂ ಬಾವು ಬರ್ತಾದ. ಆದ್ರ ಸುರಂಗ ಹಿಗ್ಗಂಗಿಲ್ಲ. ನರ ಹಿಸುಕ್ತಾದ. ಆ ನರ ಹೋಗೋದು ನಿನ್ನ ಮಂಕಾದ ಬೆರಳಿಗೇ. ಕಿರುಬೆರಳಿನ ನರ ಬ್ಯಾರೆ ದಾರಿಗುಂಟ ಹೋಗ್ತಾದ, ಅದಕ್ಕೇ ಅದು ಚಲೋ ಅದ."

"ಮತ್ತ ಅಂವ ಕಟ್ಟಿದ್ದು?"

"ಮಣಿಕಟ್ಟು ಬಗ್ಗಿಸಿದ್ರ ಒಳಗಿನ ಒತ್ತಡ ಇನ್ನೂ ಜಾಸ್ತಿ. ಮಲಗಿದಾಗ ನಮಗ ತಿಳೀದೇ ಕೈ ಮಡಚ್ತೀವಿ, ಅದಕ್ಕೇ ಮಲಗಿದಾಗ ಉರಿ ಹೆಚ್ಚು. ಅಂವ ಅದನ್ನೇ ಹಗಲೂ ರಾತ್ರಿ ಮಾಡಿಟ್ಟ."

"ಹಡದ ಮ್ಯಾಲ ಹೋಗ್ತಾದೇನ್ರಿ?"

"ಬಸುರಿನ ಹಾರ್ಮೋನು ಇಳೀತಾವ, ಮೈಯಾಗಿನ ನೀರು ಉಚ್ಚ್ಯಾಗ, ಬೆವರಾಗ ಹೋಗ್ತಾದ. ಬಾವು ಇಳದ್ರ ನರಕ್ಕ ಜಾಗ ಸಿಗ್ತಾದ. ಬಹಳ ಮಂದಿಗಿ ಕೆಲವು ವಾರದಾಗ ಹಗುರ ಆಗ್ತಾದ, ಕೆಲವರಿಗಿ ತಿಂಗಳುಗಟ್ಟಲೆ ಹಿಡೀತಾದ. ಎಲ್ಲರಿಗೂ ಹೋಗೇ ಹೋಗ್ತಾದ ಅಂತ ಹೇಳಂಗಿಲ್ಲ. ಉಳದ್ರ, ಇಲ್ಲ ಹೆಬ್ಬೆರಳ ಬುಡದ ಮಾಂಸ ಸೊರಗಿದ್ರ ಬಾ. ಇಂಜೆಕ್ಷನ್ ಅದ, ಸಣ್ಣ ಆಪರೇಷನ್ ಅದ." ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ ಒಮ್ಮೆಲೆ ಬಾತರೆ ತಡಮಾಡದೆ ಬರಬೇಕು, ಅದು ಬಿ.ಪಿ.ಯ ಬಾವು, ಬೇರೆ ಮಾತು ಎಂದೂ ಹೇಳಿದರು. ನನ್ನ ಬಿ.ಪಿ. ಸರಿಯಿತ್ತು. ಮೂತ್ರ, ಸಕ್ಕರೆಯೂ ಸರಿ ಬಂದವು.

ಮಣಿಕಟ್ಟು ನೆಟ್ಟಗೆ ನಿಲ್ಲಿಸುವ, ಒಳಗೆ ತಗಡಿನ ಪಟ್ಟಿ ಇರುವ ಬೆಲ್ಟು ಬರೆದುಕೊಟ್ಟರು. ಸುಲಿದ ಚರ್ಮ ಒಣಗಿದ ಮೇಲೆ ಮಲಗುವಾಗ ಹಾಕಿಕೊಂಡೆ. ಉರಿ ಪೂರ್ತಿ ಹೋಗಲಿಲ್ಲ, ನಿದ್ದೆ ಮಾಡುವಷ್ಟು ತಗ್ಗಿತು. ಓಣಿಯವರಿಗೆ ಹೇಳಿದೆ. ಬಸಿರಿನ ಬಾವು ಅಂತೆ ಎಂದು ನಕ್ಕರು. ಬಟ್ಟೆ ಮಾತ್ರ ಯಾರೂ ತರಲಿಲ್ಲ.

ಹೆರಿಗೆಗೆ ತಾಂಡೂರಿನ ತವರಿಗೆ ಹೋದೆ. ಮಗಳು ಹುಟ್ಟಿದಳು. ಬಾಣಂತಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಲೋಬಾನದ ಹೊಗೆ ಹಾಕುತ್ತಿದ್ದರು. ನಾನೋ ಬೆವರುತ್ತಲೇ ಇದ್ದೆ. ಹೊದ್ದದ್ದು, ಹಾಸಿದ್ದು ಎಲ್ಲ ತೊಯ್ದು, ಹುಳಿ ಹಾಲಿನ, ಹಸಿ ರಕ್ತದ ವಾಸನೆ ಒಂದಕ್ಕೊಂದು ಬೆರೆತು, ಉಸಿರಾಡುವುದೇ ಬೇಡವೆನಿಸುತ್ತಿತ್ತು. ಮತ್ತೆ ಮತ್ತೆ ಉಚ್ಚೆಗೆ ಏಳಬೇಕಾಗುತ್ತಿತ್ತು. ಆದರೆ ಹಾಗೆ ಹೋಗುತ್ತಿದ್ದದ್ದು ಆ ನೀರೇ. ಮೊದಲು ಕಾಲಿನ ಗಂಟು ಕಂಡಿತು, ಆಮೇಲೆ ಬೆರಳಿನ ಗಿಣ್ಣುಗಳು.

ಎಡಗೈ ಬೇಗ ಎಚ್ಚರಾಯಿತು. ಬಲಗೈ ಹಟ ಹಿಡಿಯಿತು. ಹಾಲು ಕುಡಿಸುವಾಗ ಕೂಸಿನ ತಲೆಯನ್ನು ಬಲಗೈ ಬಗ್ಗಿಸಿ ಎತ್ತಿ ಹಿಡಿಯುತ್ತಿದ್ದೆ. ನೋಡಿದ ಅವ್ವ, "ಡಾಕ್ಟರು ಮಡಚಬ್ಯಾಡ ಅಂದಾರಲ್ಲವ್ವ" ಎಂದು ಕೂಸಿನ ಕೆಳಗೆ ದಿಂಬು ಕೊಟ್ಟಳು. ಭಾರ ದಿಂಬಿನ ಮೇಲೆ ಬಿದ್ದು ಮಣಿಕಟ್ಟು ನೆಟ್ಟಗಾಯಿತು.

ಒಂದು ಬೆಳಿಗ್ಗೆ ಕೂಸಿನ ಅಂಗಬಟ್ಟೆ ಬಿಚ್ಚುವಾಗ ಹಳದಿ ಹೇಲು ನನ್ನ ಬಲಗೈ ಬೆರಳುಗಳಿಗೆ ಮೆತ್ತಿತು. ಬೆಚ್ಚಗೆ, ತೆಳ್ಳಗೆ, ನಡುವೆ ಸಣ್ಣ ಸಣ್ಣ ಕಾಳಿನಂಥ ಹರಳು. "ಛೀ!" ಎಂದು ಕೈ ಜಾಡಿಸಿದೆ. ಮರುಗಳಿಗೆ, ಅದು ಬೆಚ್ಚಗಿದೆ ಎಂದು ಬೆರಳಿಗೆ ತಿಳಿದದ್ದು ಹೊಳೆಯಿತು. ಮತ್ತೊಮ್ಮೆ ಹೆಬ್ಬೆರಳಿನಿಂದ ತಿಕ್ಕಿ ನೋಡಿದೆ. ಕಾಳುಗಳು ಸಿಕ್ಕವು.

"ಹೇಲಿನ್ಯಾಗ ಆಟ ಆಡ್ತಿ ಏನ, ಹುಚ್ಚಿ? ತೊಳಕೋ!" ಎಂದು ಅವ್ವ ಬೈದಳು. ನಾನು ನಗುತ್ತ ಅಳುತ್ತಿದ್ದೆ.

ತೊಟ್ಟಿಲ ಶಾಸ್ತ್ರಕ್ಕೆ ಬಂದ ಅತ್ತೆ ನನ್ನ ಬೆರಳು ಹಿಡಿದು ನೋಡಿ ಹತ್ತು ಜನರೆದುರು ಹೇಳಿದಳು: "ನಾರಾಯಣಖೇಡದ ಪಟ್ಟಿ ಸುಮ್ನ ಹೋಗಿಲ್ಲ ನೋಡ್ರಿ."

ಆ ನಾತ ಮತ್ತೆ ಮೂಗಿಗೆ ಬಡಿಯಿತು. "ಅತ್ತಿ, ಆ ಪಟ್ಟಿ ಬಿಚ್ಚಿದ ಮ್ಯಾಲೇ ನಾ ಉಂಡಿದ್ದು. ಇನ್ನೊಬ್ಬ ಬಸುರಿನ್ನ ಅಲ್ಲಿಗಿ ಕಳಿಸಬ್ಯಾಡ್ರಿ" ಎಂದೆ. ಬೀಗರ ಮನೆಯಲ್ಲಿ ಎದುರು ಮಾತಾಡಿದಳೆಂದು ಅತ್ತೆ ಮುಖ ಗಂಟಿಕ್ಕಿದಳು. ಆಡಿದ್ದಕ್ಕೆ ನಾನು ಪಶ್ಚಾತ್ತಾಪ ಪಡಲಿಲ್ಲ.

ಹೆಬ್ಬೆರಳ ತುದಿಯ ಜುಮ್ಮೆನ್ನುವಿಕೆ ಮಗಳು ಬೋರಲು ಬೀಳುವವರೆಗೂ ಅಷ್ಟಿಷ್ಟು ಉಳಿದಿತ್ತು, ಆಮೇಲೆ ಅದೂ ಹೋಯಿತು. ಜಹೀರಾಬಾದಿಗೆ ಮರಳಿ ಮಷೀನಿನ ಧೂಳು ಒರೆಸಿದೆ. ಓಣಿಯವರು ಏನೂ ಆಗಿರದವರ ಹಾಗೆ ಬಟ್ಟೆ ತಂದರು. ಹೊಲಿದುಕೊಡುತ್ತೇನೆ, ನಗುತ್ತ ಮಾತಾಡುತ್ತೇನೆ. ಅವರು ಕೊಟ್ಟ ಚಹಾ ಮಾತ್ರ ಇವತ್ತಿಗೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.