ತಾಳೆಯಕ್ಕ ಮಾಡಿದ ಫೋಟೋ ತರಬೇತಿ

ಆಕೆಯ ನಿಜವಾದ ಹೆಸರು ಸಂಘದ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೀದಿಯವರಿಗೆಲ್ಲ ಆಕೆ ತಾಳೆಯಕ್ಕ. ಹನ್ನೊಂದು ವರ್ಷಗಳಿಂದ ಹನ್ನೆರಡು ಹೆಂಗಸರ ಉಳಿತಾಯದ ಲೆಕ್ಕ ಬರೆಯುತ್ತ, ಪ್ರತಿ ಸಭೆಯ ಕೊನೆಗೂ ಪೆನ್ನಿನ ಮುಚ್ಚಳ ಹಾಕುವ ಮುಂಚೆ "ತಾಳೆ ಆಯ್ತಾ?" ಎಂದು ಕೇಳುತ್ತಿದ್ದುದರಿಂದ ಬಂದ ಹೆಸರು ಅದು. ಸೈಕಲ್ ರಿಪೇರಿ ಮಾಡುವ ಆಕೆಯ ಗಂಡ ಅದಕ್ಕೊಂದು ಬಾಲ ಸೇರಿಸಿದ್ದ: "ನಮ್ಮನೆಯವಳಿಗೆ ತಾಳೆ ಇದೆ, ತಾಳ್ಮೆ ಇಲ್ಲ."

ಮಾತು ಸುಳ್ಳಲ್ಲ. ಬಟ್ಟೆ ಹೊಲಿಯುವಾಗಲೂ ಒಂದು ಹೊಲಿಗೆ ಡೊಂಕಾದರೆ ಇಡೀ ಅಂಚನ್ನು ಬಿಚ್ಚುವವಳು ಆಕೆ. ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ನಪಾಸಾಗಿ, ಮೂರನೇ ಸಲ ಹಟಕ್ಕೆ ಬಿದ್ದು ಪಾಸಾಗಿದ್ದಳು. ಅಂದಿನಿಂದ ಅಂಕಿಗಳು ತನಗೆ ಮೋಸ ಮಾಡಲು ಕಾದಿರುತ್ತವೆ ಎಂದೇ ಆಕೆಯ ನಂಬಿಕೆ.

ಆ ಸೋಮವಾರ ಸಂಘಗಳ ಒಕ್ಕೂಟದ ಕಚೇರಿಯಿಂದ ಹದಿನಾಲ್ಕು ಪುಟದ ತರಬೇತಿ ಯೋಜನೆ ಬಂತು. ಹೋದ ವರ್ಷ ಬೇರೊಂದು ಸಂಘದ ಪುಸ್ತಕಗಳು ಕಪಾಟಿನ ಗೆದ್ದಲಿಗೆ ತುತ್ತಾಗಿ, ಯಾರ ಉಳಿತಾಯ ಎಷ್ಟೆಂದು ತಿಳಿಯದೆ ಜಗಳವಾಗಿತ್ತು. ಅದಕ್ಕೆ ಎಲ್ಲ ಸಂಘಗಳೂ ಹಳೆಯ ಪುಸ್ತಕಗಳ ಫೋಟೋ ತೆಗೆದು, ಫೋಟೋ ನೋಡಿ ಲೆಕ್ಕವನ್ನು ಕಂಪ್ಯೂಟರಿನ ಹಾಳೆಗೆ ಏರಿಸಬೇಕು. ಅದನ್ನು ಸದಸ್ಯರೇ ಕಲಿಯಬೇಕು. ಕಲಿಸುವವಳು ತಾಳೆಯಕ್ಕ. ತರಬೇತಿ ಶನಿವಾರ.

ಆಕೆ ಯೋಜನೆಯನ್ನು ಓದುತ್ತ ಹೋದಂತೆ ಮೂಗಿನ ತುದಿ ಕೆಂಪಾಯಿತು. ಹತ್ತು ಗಂಟೆಗೆ ಸ್ವಾಗತ. ಹತ್ತೂಕಾಲಿಗೆ ಸದಸ್ಯರು ಚೆಂಡೆಸೆದು ಪರಸ್ಪರ ಪರಿಚಯ ಮಾಡಿಕೊಳ್ಳುವ ಆಟ. ಹನ್ನೊಂದರಿಂದ ಹನ್ನೆರಡೂವರೆವರೆಗೆ 'ಡಿಜಿಟಲ್ ಜಗತ್ತು' ಎಂಬ ಉಪನ್ಯಾಸ. ಊಟ. ಆಮೇಲೆ ಇಪ್ಪತ್ತು ನಿಮಿಷ ಅಭ್ಯಾಸ. ಕೊನೆಗೆ ಗುಂಪು ಫೋಟೋ, ಅದಕ್ಕೆ ಅರ್ಧ ಗಂಟೆ.

"ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿ ಸಾಕಾಗಿದೆ, ಇನ್ನೇನು ಪರಿಚಯ?" ಎಂದು ಗಂಡನನ್ನೇ ಕೇಳಿದಳು, ಯೋಜನೆ ಬರೆದವನು ಅವನೇ ಎಂಬಂತೆ. "ಪ್ರತಿಯೊಬ್ಬರೂ ತಮ್ಮ ತಮ್ಮ ಸ್ಮಾರ್ಟ್‌ಫೋನ್ ತರಬೇಕಂತೆ. ಹನ್ನೆರಡು ಜನಕ್ಕೆ ಇರೋದು ಐದು ಫೋನು. ಅದ್ರಲ್ಲಿ ಎರಡು ಗಂಡಂದಿರವು, ಒಂದರ ಗಾಜು ಒಡೆದಿದೆ."

"ಪಂಕ್ಚರ್ ಹಾಕೋದು ಹೇಗೆ ಅಂತ ಒಂದೂವರೆ ಗಂಟೆ ಭಾಷಣ ಮಾಡಿದ್ರೆ ಯಾರಿಗೂ ಬರಲ್ಲ ಕಣೇ," ಎಂದ ಆತ, ಟ್ಯೂಬನ್ನು ನೀರಲ್ಲಿ ಅದ್ದುತ್ತ. "ಟ್ಯೂಬ್ ಕೈಗೆ ಕೊಡಬೇಕು."

ಕಚೇರಿಗೆ ಫೋನ್ ಮಾಡಿದಳು. ಯೋಜನೆ ಬರೆದ ತರಬೇತಿ ಅಧಿಕಾರಿ ಮೆತ್ತನೆಯ ದನಿಯವರು. "ಮೇಡಂ, ಎಲ್ಲಾ ಕಡೆ ಇದೇ ಮಾದರಿ. ನೀವು ಸ್ವಲ್ಪ ಹೊಂದಿಸ್ಕೊಳ್ಳಿ," ಎಂದರು.

"ಏನನ್ನ ಹೊಂದಿಸ್ಕೊಳ್ಳಲಿ ಸಾರ್, ಗಡಿಯಾರಾನಾ, ಜನಾನಾ?"

"ಎರಡೂನೂ," ಎಂದು ಅವರು ನಕ್ಕರು. ಆಕೆ ನಗಲಿಲ್ಲ.

ಫೋಟೋಗಳಂತೂ ಆಗಲೇ ಬಂದಿದ್ದವು. ಸಂಘದ ಅಧ್ಯಕ್ಷೆ ಬೇರಾರೂ ಅಲ್ಲ, ತಾಳೆಯಕ್ಕನ ನಾದಿನಿ, ಗಂಡನ ತಂಗಿ. ಹಿಂದಿನ ವಾರ ಕಚೇರಿಯಲ್ಲಿ ಈ ಸುದ್ದಿ ಕೇಳಿಬಂದ ಆಕೆ ಒಂದೇ ಮಧ್ಯಾಹ್ನ ಕೂತು ನಾಲ್ಕು ಪುಸ್ತಕಗಳ ಇನ್ನೂರ ಹನ್ನೆರಡು ಫೋಟೋ ತೆಗೆದು ಸಂಘದ ಫೋನ್ ಗುಂಪಿಗೆ ಸುರಿದಿದ್ದಳು. ಅವುಗಳ ನಡುವೆ ಶುಭೋದಯದ ಗುಲಾಬಿಗಳು, ಯಾರದೋ ಮದುವೆಯ ಸೀರೆ, ಕಳೆದುಹೋದ ಬೆಕ್ಕಿನ ಚಿತ್ರ. ಕೆಲವು ಪುಟಗಳು ಅಡ್ಡಡ್ಡ ಮಲಗಿದ್ದವು, ಕೆಲವಕ್ಕೆ ತೆಗೆದವಳ ತಲೆಯದೇ ನೆರಳು. ಒಂದು ಪುಟ ನಾಲ್ಕು ಸಲ ಇತ್ತು, ಇನ್ನೊಂದು ಇರಲೇ ಇಲ್ಲ. ಗುಂಪಿಗೆ ಹಾಕಿದಾಗ ಫೋಟೋಗಳು ಕುಗ್ಗಿ, ದೊಡ್ಡದು ಮಾಡಿ ನೋಡಿದರೆ ಅಂಕಿಗಳು ಇರುವೆ ಸಾಲಿನಂತೆ ಕಲಸಿಹೋಗಿದ್ದವು.

ತಾಳೆಯಕ್ಕ ನಾದಿನಿಯ ಮನೆಗೇ ಹೋದಳು. "ನೋಡೇ ಇಲ್ಲಿ. ಮೂವತ್ತೆಂಟು ಫೋಟೋದಲ್ಲಿ ನಿನ್ನ ಹೆಬ್ಬೆರಳಿದೆ. ಹೆಬ್ಬೆಟ್ಟು ಒತ್ತೋದು ಪುಸ್ತಕದಲ್ಲಿ, ಫೋಟೋದಲ್ಲಲ್ಲ."

ನಾದಿನಿ ತೊಗರಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಎಣಿಸ್ಕೊಂಡೇ ಬಂದಿದ್ದೀರಲ್ಲ ಅತ್ತಿಗೆ. ನಾನು ಮಾಡಿದ್ದರಲ್ಲಿ ತಪ್ಪು ಹುಡುಕೋದು ನಿಮಗೆ ಹೊಸದಲ್ಲ ಬಿಡಿ."

ಇಬ್ಬರಿಗೂ ಅದರ ಅರ್ಥ ಗೊತ್ತಿತ್ತು. ಆರು ವರ್ಷದ ಹಿಂದೆ ನಾದಿನಿ ಸಂಘದ ಹಣದ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದಳು. ಒಂದು ಸಭೆಯಲ್ಲಿ ಪುಸ್ತಕಕ್ಕಿಂತ ಪೆಟ್ಟಿಗೆಯಲ್ಲಿ ನೂರ ಎಂಬತ್ತು ರೂಪಾಯಿ ಕಡಿಮೆ ಬಂತು. "ಪುಸ್ತಕ ಸುಳ್ಳು ಹೇಳಲ್ಲ," ಎಂದಿದ್ದಳು ತಾಳೆಯಕ್ಕ ಎಲ್ಲರೆದುರು. ನಾದಿನಿ ತನ್ನ ಕೈಯಿಂದ ಹಣ ತುಂಬಿದಳು, ಮರುವಾರ ಪೆಟ್ಟಿಗೆ ಬೇರೆಯವರಿಗೆ ಒಪ್ಪಿಸಿದಳು. ಅಂದಿನಿಂದ ಇಬ್ಬರ ನಡುವೆ ಮಾತಿತ್ತು, ಸಲಿಗೆ ಇರಲಿಲ್ಲ.

ತಾಳೆಯಕ್ಕ ಮನೆಗೆ ಬಂದು, ಹದಿನಾಲ್ಕು ಪುಟಗಳ ಹಿಂಬದಿಯ ಖಾಲಿ ಜಾಗದಲ್ಲಿ ತನ್ನದೇ ಯೋಜನೆ ಬರೆದಳು. ಭಾಷಣವಿಲ್ಲ. ಮೂರು ಮೂರು ಜನರ ನಾಲ್ಕು ತಂಡ, ತಂಡಕ್ಕೊಂದು ಫೋನು. ಮೊದಲು ಫೋಟೋ ತೆಗೆಯುವುದು, ಆಮೇಲೆ ಏರಿಸುವುದು: ಒಬ್ಬಳು ಓದಬೇಕು, ಒಬ್ಬಳು ಒತ್ತಬೇಕು, ಒಬ್ಬಳು ಮೊತ್ತ ಸರಿಯಿದೆಯೇ ನೋಡಬೇಕು. ಓದಲಾಗದ ಅಂಕಿಯನ್ನು ಊಹಿಸಿ ತುಂಬಬಾರದು, ಗುರುತು ಹಾಕಿ ಬಿಡಬೇಕು. ಕೊನೆಯದಾಗಿ, ಎರಡು ಗೆರೆ ಎಳೆದು ಬರೆದಳು: ಪುಸ್ತಕದಲ್ಲೇ ತಪ್ಪಿದ್ದರೆ ಯಾರೂ ಸದ್ದಿಲ್ಲದೆ ತಿದ್ದಬಾರದು, ಇದ್ದದ್ದನ್ನು ಇದ್ದಂತೆ ಏರಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆದು, ಸಭೆಯ ಮುಂದಿಡಬೇಕು.

ಶನಿವಾರ ಶಿಶುವಿಹಾರದ ಕೋಣೆಯಲ್ಲಿ ಎಲ್ಲರೂ ಸೇರಿದರು. ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತ ಹೆಂಗಸರನ್ನು ನೋಡಿಯೂ, ತರಬೇತಿ ನೋಡಲು ಬಂದಿದ್ದ ಅಧಿಕಾರಿ ಚೆಂಡು ಹೊರತೆಗೆದರು. ತಾಳೆಯಕ್ಕ ಹಲ್ಲು ಕಚ್ಚಿ ನಿಂತಳು. ಚೆಂಡು ಮೊದಲು ಇಸ್ತ್ರಿ ಅಜ್ಜಿಯ ಮಡಿಲಿಗೆ ಬಿತ್ತು. ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವ, ಓದು ಬರಹ ಬಾರದ ಆಕೆ ಚೆಂಡನ್ನು ತಿರುಗಿಸಿ ನೋಡಿ, "ನಾನ್ಯಾರು ಅಂತ ಇವರಿಗೆ ಹೇಳಬೇಕಾ? ಇವರ ಲಂಗಗಳ ಅಳತೆ ಕೂಡ ನಂಗೆ ಗೊತ್ತು," ಎಂದಳು. ಆಟ ಅಲ್ಲಿಗೇ ಮುಗಿಯಿತು.

ತಾಳೆಯಕ್ಕ ಪುಸ್ತಕವನ್ನು ಕಿಟಕಿಯ ಪಕ್ಕ ನೆಲದ ಮೇಲೆ ಬಿಚ್ಚಿಟ್ಟಳು. "ಬೆಳಕು ಪಕ್ಕದಿಂದ ಬರಬೇಕು, ಬೆನ್ನ ಹಿಂದಿನಿಂದ ಬಂದ್ರೆ ನಿಮ್ಮ ನೆರಳೇ ಬೀಳತ್ತೆ. ಫ್ಲಾಶ್ ಬೇಡ, ಹಾಳೆ ಹೊಳೆಯತ್ತೆ. ಫೋನು ಪುಟದ ನೇರಕ್ಕೆ ಮೇಲಿರಲಿ. ನಾಲ್ಕೂ ಮೂಲೆ ಕಾಣಬೇಕು." ಪುಸ್ತಕದ ಸಂಖ್ಯೆ, ಪುಟದ ಸಂಖ್ಯೆ ಬರೆದ ಚೀಟಿಯನ್ನು ಹಾಳೆಯ ಪಕ್ಕ ಇಟ್ಟಳು, ಫೋಟೋ ಎಲ್ಲಿ ಹೋದರೂ ಗುರುತು ಅದರೊಳಗೇ ಇರಲಿ ಎಂದು. ಫೋಟೋವನ್ನು ಗುಂಪಿಗೆ ಹಾಕದೆ, ಕುಗ್ಗದಂತೆ ಫೈಲಾಗಿ ಕಳಿಸುವುದನ್ನು ತೋರಿಸಿದಳು. "ಇದ್ರಲ್ಲಿ ಹನ್ನೆರಡು ಮನೆ ದುಡ್ಡಿನ ವಿಷಯ ಇದೆ. ಬೆಕ್ಕಿನ ಫೋಟೋ ಥರ ಊರಿಗೆಲ್ಲ ಹಂಚೋದಲ್ಲ."

ಕೆಲಸ ಕುದುರುತ್ತಿದ್ದಾಗ ಅಧಿಕಾರಿ ತಡೆಯಲಾರದೆ ಮುಂದೆ ಬಂದರು. "ಇಷ್ಟು ಕಷ್ಟ ಯಾಕೆ? ಫೋಟೋ ನೋಡಿ ತಾನೇ ಓದೋ ಆ್ಯಪ್ ಇದೆ." ಐದು ಸೆಕೆಂಡಿನಲ್ಲಿ ಪುಟದ ಅಂಕಿಗಳೆಲ್ಲ ಫೋನಿನ ಪರದೆಯ ಹಾಳೆಗೆ ಬಂದು ಕೂತವು. ಹೆಂಗಸರು "ಅಬ್ಬಬ್ಬಾ" ಎಂದರು.

"ಮೊತ್ತ ನೋಡಿ," ಎಂದಳು ತಾಳೆಯಕ್ಕ.

ಪುಸ್ತಕದ ಪುಟದ ಅಡಿಯಲ್ಲಿ ಒಂಬೈನೂರ ನಲವತ್ತು ಇತ್ತು. ಹಾಳೆಯಲ್ಲಿ ಎಂಟುನೂರ ಎಂಬತ್ತು. ಅರವತ್ತು ಎಲ್ಲಿ ಹೋಯಿತೆಂದು ಎಲ್ಲರೂ ಫೋನಿಗೆ ಕಣ್ಣು ಹಚ್ಚಿದರು. ಒಬ್ಬಳು ಹಾಳೆಯ ಒಂದೊಂದು ಸಾಲನ್ನೂ ಓದಿ ಹೇಳುತ್ತಿದ್ದಾಗ ಇಸ್ತ್ರಿ ಅಜ್ಜಿ ತಡೆದಳು. "ನಂದು ಹತ್ತಾ? ನಾನು ಯಾವತ್ತು ಹತ್ತು ಕಟ್ಟಿದ್ದೀನಿ? ಆ ವರ್ಷ ಎಲ್ಲಾ ವಾರಾನೂ ಎಪ್ಪತ್ತು." ಪುಸ್ತಕದಲ್ಲಿ ನೋಡಿದರೆ ಎಪ್ಪತ್ತೇ ಇತ್ತು. ಅವಸರದಲ್ಲಿ ಬರೆದ ಏಳನ್ನು ಆ್ಯಪು ಒಂದೆಂದು ಓದಿತ್ತು.

"ಆ್ಯಪ್ ಬಳಸಿ, ಬೇಡ ಅನ್ನಲ್ಲ," ಎಂದಳು ತಾಳೆಯಕ್ಕ. "ಆದ್ರೆ ಓದಿದ್ದನ್ನ ಮನುಷ್ಯರು ನೋಡ್ಲೇಬೇಕು." ಬೆಳಗಿನಿಂದ ಆಕೆಗೆ ಸಿಕ್ಕ ಸಮಾಧಾನ ಅದೊಂದೇ, ಅದೂ ಅರ್ಧ ಗಂಟೆ ಬಾಳಲಿಲ್ಲ.

ನಾದಿನಿಯ ತಂಡಕ್ಕೆ ಮೂರನೇ ಪುಸ್ತಕದ ಮೂವತ್ತೈದನೇ ಪುಟದಿಂದ ಮುಂದಿನ ಭಾಗ ಬಂದಿತ್ತು. ಹಾಳೆ ತಾನೇ ಕೂಡಿ ಕಳೆದು ತೋರಿಸುತ್ತಿದ್ದ, ಪೆಟ್ಟಿಗೆಯಲ್ಲಿರಬೇಕಾದ ಹಣದ ಮೊತ್ತವನ್ನೂ, ಪುಸ್ತಕದ ಪ್ರತಿ ಪುಟದ ತಲೆಯಲ್ಲಿರುವ 'ಹಿಂದಿನ ಪುಟದಿಂದ ತಂದದ್ದು' ಎಂಬ ಮೊತ್ತವನ್ನೂ ಅವಳು ಹೋಲಿಸುತ್ತಿದ್ದಳು. ಮೂವತ್ತೇಳನೇ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು. ಅವಳು ಎರಡು ಸಲ ನೋಡಿದಳು. ಆಮೇಲೆ ನಿಧಾನವಾಗಿ ಕರೆದಳು: "ತಾಳೆ ಆಯ್ತಾ ಅತ್ತಿಗೆ?"

ಮೂವತ್ತಾರನೇ ಪುಟದ ಅಡಿಯಲ್ಲಿ 8,460. ಮೂವತ್ತೇಳನೇ ಪುಟದ ತಲೆಯಲ್ಲಿ 8,640.

ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು ಎಂದು ಬೇರೆ ಸಂಘಗಳ ಲೆಕ್ಕದವರಿಗೆ ಹೇಳಿಕೊಟ್ಟವಳು ತಾಳೆಯಕ್ಕನೇ. ನೂರ ಎಂಬತ್ತು. ಒಂಬತ್ತಿಪ್ಪತ್ತಲ. ಬರಹ ಆಕೆಯದು. ತಾರೀಕು ಪೆಟ್ಟಿಗೆಯಲ್ಲಿ ಹಣ ಕಡಿಮೆ ಬಂದ ಆ ಸಭೆಯದು. ನಾದಿನಿ ದುಡ್ಡು ತುಂಬಿದ ಮೇಲೆ ಪುಸ್ತಕಕ್ಕೂ ಪೆಟ್ಟಿಗೆಗೂ ಹೊಂದಿಕೆಯಾಗಿದ್ದರಿಂದ ಮತ್ತೆ ಯಾರೂ ಆ ಪುಟ ತಿರುವಿರಲಿಲ್ಲ.

ಅಧಿಕಾರಿ ಬಗ್ಗಿ, "ಚಿಕ್ಕ ತಪ್ಪು ಮೇಡಂ, ಈಗಲೇ ಹಾಳೆಯಲ್ಲಿ ಸರಿಮಾಡಿಬಿಡಿ," ಎಂದು ಪಿಸುಗುಟ್ಟಿದರು.

ಆಕೆಗೆ ಅವರ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದದ್ದು ಹೆಚ್ಚು. ಆರು ವರ್ಷ! ಒಂದು ಪುಟ ಹಿಂದಕ್ಕೆ ತಿರುವಿದ್ದರೆ ಸಾಕಿತ್ತು. ಲೋಕದವರ ಲೆಕ್ಕಕ್ಕೆಲ್ಲ ಕನ್ನಡಕ ಹಾಕಿದವಳಿಗೆ ತನ್ನ ಬರಹವೇ ಕಂಡಿರಲಿಲ್ಲ. "ಸದ್ದಿಲ್ಲದೆ ತಿದ್ದಬಾರದು ಅಂತ ನಾನೇ ಬರೆದಿದ್ದೀನಿ ಸಾರ್," ಎಂದಳು. ಆಮೇಲೆ ಎಲ್ಲರತ್ತ ತಿರುಗಿದಳು. "ಅವತ್ತು ದುಡ್ಡು ಕಮ್ಮಿ ಇರಲಿಲ್ಲ. ನಾನು ಪುಟ ದಾಟಿಸುವಾಗ ಅಂಕಿ ತಿರುವು ಮುರುವು ಮಾಡಿದ್ದೆ. ಅವಳು ಕೊಟ್ಟಿದ್ದು ಅವಳ ಸ್ವಂತ ದುಡ್ಡು. ತಪ್ಪು ನಂದು. ಟಿಪ್ಪಣೀಲಿ ನನ್ನ ಹೆಸರು ಹಾಕಿ." ನಾದಿನಿಯ ಕಡೆ ನೋಡಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. "ಎಲ್ಲರ ಮುಂದೆ ಅಂದಿದ್ದೆ. ಎಲ್ಲರ ಮುಂದೆಯೇ ಕೇಳ್ತೀನಿ, ಕ್ಷಮಿಸೇ."

ನಾದಿನಿ ಸೆರಗಿನಿಂದ ಫೋನಿನ ಗಾಜು ಒರೆಸಿದಳು. ಒರೆಸಲು ಅಲ್ಲೇನೂ ಇರಲಿಲ್ಲ. "ನೂರ ಎಂಬತ್ತು ದೊಡ್ಡದಲ್ಲ ಅತ್ತಿಗೆ. ಆ ವಾರ ಪೆಟ್ಟಿಗೆ ಎತ್ಕೊಂಡು ಬೀದೀಲಿ ಹೋಗೋವಾಗ ಎಲ್ಲರೂ ನನ್ನೇ ನೋಡ್ತಿದ್ದಾರೆ ಅನ್ನಿಸ್ತಿತ್ತು," ಎಂದಳು. ಮರುಕ್ಷಣ ಮೂಗೊರೆಸಿಕೊಂಡು, "ಟಿಪ್ಪಣಿ ನಾನೇ ಒತ್ತುತ್ತೀನಿ. ಒಂದಕ್ಷರ ಬಿಡಲ್ಲ," ಎಂದಳು.

ಮುಂದಿನ ಸಭೆಯಲ್ಲಿ ಪುಸ್ತಕದ ತಪ್ಪನ್ನು ಕೆಂಪು ಶಾಯಿಯಲ್ಲಿ ತೋರಿಸಿ, ಹನ್ನೆರಡು ಜನರ ಸಹಿ, ಹೆಬ್ಬೆಟ್ಟು ಹಾಕಿಸಿ, ನಾದಿನಿಯ ಹಣ ಹಿಂತಿರುಗಿಸಿದರು. ಇಸ್ತ್ರಿ ಅಜ್ಜಿ ಆರು ವರ್ಷದ ಬಡ್ಡಿಯನ್ನೂ ಕೊಡಬೇಕೆಂದು ಹಟ ಹಿಡಿದಳು. ಅದನ್ನು ತಾಳೆಯಕ್ಕ ತಾನೇ ಕೊಟ್ಟಳು.

ಕಚೇರಿಯಿಂದ ತಿಂಗಳೊಳಗೆ ಹೊಸ ಯೋಜನೆ ಬಂತು. ತಾಳೆಯಕ್ಕ ಬರೆದದ್ದನ್ನು ಅವರು ಮೆಚ್ಚಿ, ಹಳೆಯ ಹದಿನಾಲ್ಕು ಪುಟಗಳನ್ನು ಹಾಗೇ ಉಳಿಸಿ, ಹದಿನೈದನೆಯದಾಗಿ ಸೇರಿಸಿದ್ದರು. ಚೆಂಡಾಟ ಈಗ ಒಂದು ಗಂಟೆಯಾಗಿತ್ತು. ಇನ್ನೂ ಒಂಬತ್ತು ಸಂಘಗಳಿಗೆ ಆಕೆಯೇ ಹೋಗಿ ಕಲಿಸಬೇಕಂತೆ. ಆಕೆ ಹಣೆ ಚಚ್ಚಿಕೊಂಡು, ಚೀಲಕ್ಕೆ ಚೀಟಿಗಳನ್ನೂ ಪೆನ್ನುಗಳನ್ನೂ ತುಂಬಿ ಹೊರಟಾಗ ನಾದಿನಿ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಫೋಟೋ ತೆಗೆಯುವುದನ್ನು ತಾನು ಕಲಿಸುತ್ತೇನೆ, ಲೆಕ್ಕ ಮಾತ್ರ ಅತ್ತಿಗೆ ನೋಡಿಕೊಳ್ಳಲಿ ಎಂದಳು. ದಾರಿಯುದ್ದಕ್ಕೂ ಇಬ್ಬರೂ ಕಚೇರಿಯನ್ನು ಬೈಯುತ್ತ ಹೋದರು.