ಮದರಂಗಿಗೆ ಮೊದಲು ಬಂದ ಹಾಲ್ ಟಿಕೆಟ್

ನವಿ ಮುಂಬೈಯ ಸಾನಪಾಡಾದ ಹಲ್ಲಿನ ದವಾಖಾನೆಯಲ್ಲಿ ನಾನು ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವವಳು, ಅವಳು ಉಪಕರಣ ತೊಳೆದಿಡುವವಳು. ವಿಜಯಪುರದ ಕಡೆಯ ಹೆಂಗಸು. ಗಂಡನಿಗೆ ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳಲ್ಲಿ ಲೋಡಿಂಗ್ ಕೆಲಸ. ಮೂವತ್ತು ದಾಟಿದ ಮೇಲೆ ಸರಕಾರಿ ಆಸ್ಪತ್ರೆಯ ವಾರ್ಡ್ ಕೆಲಸದ ಪರೀಕ್ಷೆಗೆ ಅರ್ಜಿ ಹಾಕಿದ್ದಳು.

ಪರೀಕ್ಷೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನನ್ನ ವಾಟ್ಸಾಪಿಗೆ ಅವಳಿಂದ ಎರಡು ಫೋಟೋ ಬಂದವು: ಹಾಲ್ ಟಿಕೆಟ್, ಸೂಚನೆಯ ಹಾಳೆ. ಎರಡನೆಯದರ ಅರ್ಧದ ಮೇಲೆ ಅವಳದೇ ನೆರಳು. ನಾನು ಫೋನ್ ಮಾಡಿದೆ. ಹಿಂದೆ ಡೋಲಕ್ಕಿನ ಸದ್ದು.

"ನಾಡಿದ್ದ ನಾದಿನಿ ಮದುವಿ ಐತ್ರೀ ಅಕ್ಕಾರ. ಪರೀಕ್ಷೆ ಒಂಬತ್ತಕ್ಕ. ಎಂಟೂ ಮುಕ್ಕಾಲಕ್ಕ ಮುಟ್ಟಿದ್ರ ಆತಲ್ಲ್ರೀ?"

"ಎಂಟೂವರೆಗೆ ಗೇಟ್ ಮುಚ್ಚುತ್ತದೆ ಮಾರಾಯ್ತಿ. ಏಳೂವರೆಗೆ ಬರಬೇಕಂತ ಬರೆದಿದ್ದಾರೆ. ಆ ನೆರಳಿಲ್ಲದೆ ಇನ್ನೊಮ್ಮೆ ಫೋಟೋ ತೆಗೆದು ಕಳಿಸು."

ಕಳಿಸಿದಳು. ಓದುತ್ತ ಹೋದೆ. ಫೋನಿನಲ್ಲಿ ತೋರಿಸಿದರೆ ಆಗದು, ಹಾಲ್ ಟಿಕೆಟಿನ ಪ್ರಿಂಟ್ ಬೇಕು. ಆಧಾರ್ ಕಾರ್ಡು ಅಸಲಿಯೇ ಆಗಬೇಕು, ಝೆರಾಕ್ಸ್ ನಡೆಯುವುದಿಲ್ಲ. ಅರ್ಜಿಗೆ ಹಾಕಿದ್ದ ಫೋಟೋದ್ದೇ ಒಂದು ಪ್ರತಿ ಬೇಕು. ಫೋನು, ಕೈಗಡಿಯಾರ, ಪರ್ಸು, ಕಿವಿಯೋಲೆ, ಮೂಗುಬೊಟ್ಟು ಒಳಗೆ ಬಿಡುವುದಿಲ್ಲ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಬೆರಳಚ್ಚು ತೆಗೆಯುತ್ತಾರೆ, ಕೈಗೆ ಮದರಂಗಿ ಇರಬಾರದು.

"ಮೆಹಂದಿ ಹಾಕಿಸ್ಕೊಂಡೆಯಾ?"

"ಹಚ್ಚಾಕಿ ಕೋನ್ ಹಿಡ್ಕೊಂಡು ಮುಂದ ಕುಂತಾಳ್ರೀ. ಇನ್ನೂ ಹಚ್ಚಿಲ್ಲ."

"ಕೈ ಹಿಂದೆ ತಕ್ಕೋ. ಬೆರಳು ಮಷೀನಿಗೆ ತಿಳಿಯದಿದ್ರೆ ನಾಳೆ ಕಷ್ಟ."

ಸಂಜೆಯವರೆಗೆ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ಕುಳಿತಿದ್ದಳಂತೆ. ಬೀಗರ ಹೆಂಗಸರು, ಗಂಡನ ಜೊತೆ ಜಗಳವಾ ಎಂದು ಕೇಳಿದರಂತೆ. ಗಂಡ ಮಾತ್ರ ಎದ್ದು ಹೋಗಿ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಮೂರು ಪ್ರಿಂಟ್ ತೆಗೆಸಿದ. ಒಂದು ಹರಿದರೆ, ಒಂದು ನೆನೆದರೆ ಎಂದು.

ಪರೀಕ್ಷೆಯ ಸೆಂಟರ್ ನನ್ನ ಮನೆಯ ಹತ್ತಿರವೇ ಇತ್ತು. ಭಾನುವಾರ ನಾನು ಹೋಗುವಷ್ಟರಲ್ಲಿ ಇಬ್ಬರೂ ಥಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಬಂದು, ಏಳೂ ಕಾಲಿಗೇ ಗೇಟಿನೆದುರು ನಿಂತಿದ್ದರು. ಓಲೆ, ಮೂಗುಬೊಟ್ಟು, ಫೋನು ನನ್ನ ಚೀಲಕ್ಕೆ ಬಂದವು. ಕಾವಲಿನವನು ಟಿಕೆಟಿನ ಫೋಟೋ ನೋಡಿದ, ಆಧಾರ್ ನೋಡಿದ, ಅವಳ ಮುಖವನ್ನೂ ನೋಡಿದ. ಗಂಡ ಕೈ ಮುಗಿದುಕೊಂಡು ನಿಂತಿದ್ದ. "ತುಮ್ಹಿ ಬಾಹೇರ್ ಥಾಂಬಾ," ಎಂದು ಮರಾಠಿಯಲ್ಲಿ ಹೊರಗೇ ನಿಲ್ಲಲು ಹೇಳಿ ಕಾವಲಿನವನು ಅವನನ್ನು ಆಚೆಗೆ ಸರಿಸಿದ. ಗಂಡನೇನೂ ಒಳಗೆ ಹೊರಟಿರಲಿಲ್ಲ.

ಹನ್ನೊಂದರ ಹೊತ್ತಿಗೆ ನಗುತ್ತಲೇ ಹೊರಬಂದಳು. "ಬೆರಳು ಒಂದ ಸಲಕ್ಕ ತಗೊಂತ್ರೀ. ಪ್ರಶ್ನೆ ಮಾತ್ರ ಕಾಡಿದ್ವು."

ಹೋಟೆಲಿನಲ್ಲಿ ಇಡ್ಲಿಯ ಮೇಲೆ ಇಡ್ಲಿ ತಿಂದಳು. ಆ ಸಲ ಅವಳಿಗೆ ಕೆಲಸ ಸಿಗಲಿಲ್ಲ. ಮರುವರ್ಷ ಮತ್ತೆ ಪರೀಕ್ಷೆ ಬರೆದಾಗ ಸಿಕ್ಕಿತು. ಆ ಎರಡನೆಯ ಹಾಲ್ ಟಿಕೆಟನ್ನು ಅವಳು ನನಗೆ ಕಳಿಸಲೇ ಇಲ್ಲ, ಸೂಚನೆಗಳನ್ನು ತಾನೇ ಓದಿಕೊಂಡು ಹೋಗಿದ್ದಳು.